ಗಿರಣಿಯ ಗೋಡೆಗೆ ಒರಗಿದ ವೀಣೆ

ಕಿಟಕಿಯ ಕಟ್ಟೆಯ ಮೇಲೆ ಒಂದು ಸ್ಟೀಲ್ ಲೋಟದಲ್ಲಿ ನೀರು ಇಟ್ಟಿದ್ದರು. ಸಂಜೆ ಐದೂಕಾಲಕ್ಕೆ ಪಕ್ಕದ ಗಿರಣಿಯ ಯಂತ್ರ ಶುರುವಾದ ಕೂಡಲೇ ಆ ನೀರಿನ ಮೇಲೆ ಸಣ್ಣ ಸಣ್ಣ ಉಂಗುರಗಳು ಎದ್ದವು. ಕಿಟಕಿ ಮುಚ್ಚಿದರೂ ಉಂಗುರಗಳು ನಿಲ್ಲಲಿಲ್ಲ. ವೀಣೆ ಟೀಚರ್ ನನ್ನ ಕಡೆ ನೋಡಿ, "ಇದನ್ನು ತೋರಿಸುವುದಕ್ಕೇ ಕರೆದದ್ದು. ಕಿವಿಗೆ ಬೀಳುವ ಸದ್ದಾದರೆ ಹೇಗೋ ತಡೆದುಕೊಳ್ಳಬಹುದು. ಇದು ತಂತಿಯ ಒಳಗೇ ಬರುತ್ತದೆ" ಎಂದರು.

ರಾಜಾಜಿನಗರದ ಒಂದು ಅಡ್ಡರಸ್ತೆ ಅದು. ಮೂವತ್ತು–ನಲವತ್ತರ ನಿವೇಶನಗಳಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಒಂದರ ನೆಲಮಹಡಿಯಲ್ಲಿ ಹಿಟ್ಟಿನ ಗಿರಣಿ, ಅದಕ್ಕೆ ತಾಗಿದ ಮನೆಯಲ್ಲಿ ವೀಣೆ ಪಾಠ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದ ನಾನು ಅದೇ ರಸ್ತೆಯವನು. ಇಬ್ಬರಿಗೂ ಪರಿಚಯವಿದ್ದ ತಪ್ಪಿಗೆ ಈ ಜಗಳದ ನಡುವೆ ಕುಳಿತುಕೊಳ್ಳಬೇಕಾಯಿತು. ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದು ಒರೆಸಿದ, ಇಂತಹ ಜಗಳಗಳು ಚೌಕಾಸಿಯಲ್ಲೇ ಬಗೆಹರಿಯಬಲ್ಲವು ಎನ್ನುವ ಕೋಸ್ ಪ್ರಮೇಯ ಒಂದು ಗೋಡೆಯ ಎರಡೂ ಬದಿಯಲ್ಲಿ ಏನು ಮಾಡುತ್ತದೆ ಎಂದು ಮೊದಲ ಸಲ ಹತ್ತಿರದಿಂದ ನೋಡಿದೆ. ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ಮರೆಮಾಡಿದ್ದೇನೆ, ಮೊತ್ತಗಳನ್ನು ದುಂಡಾಗಿಸಿದ್ದೇನೆ.

ಗೋಡೆಯ ಎರಡು ಬದಿ

ಗಿರಣಿಗೆ ಇಪ್ಪತ್ತೆರಡು ವರ್ಷ. ಯಜಮಾನರು ಬಾಡಿಗೆದಾರರು. ರಾಗಿ, ಗೋಧಿ ಬೀಸುವ ಕಲ್ಲಿನ ಯಂತ್ರ ಒಂದು. ಮೆಣಸಿನಕಾಯಿ, ಸಾರಿನ ಪುಡಿ, ಹುಳಿಪುಡಿಗೆ ಬೇರೆ ಯಂತ್ರ. ಎರಡನೆಯದರ ಒಳಗೆ ಕಬ್ಬಿಣದ ಸುತ್ತಿಗೆಗಳು ವೇಗವಾಗಿ ಸುತ್ತುತ್ತವೆ, ಸದ್ದೂ ಅದರದ್ದೇ ಹೆಚ್ಚು. ಕೆಲಸಕ್ಕೆ ಹೋಗಿ ಬರುವವರು ಡಬ್ಬ ಹಿಡಿದು ಬರುವುದು ಸಂಜೆ ಐದರ ಮೇಲೆ. ಬೇಸಿಗೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಒಣಗಿಸಿ ವರ್ಷದ ಪುಡಿ ಮಾಡಿಸಿಕೊಳ್ಳುವ ಕಾಲದಲ್ಲಂತೂ ರಸ್ತೆಯ ತನಕ ಸಾಲು.

ಟೀಚರ್ ಆ ಮನೆಗೆ ಬಂದು ಬಹಳ ಕಾಲವಾಗಿದ್ದರೂ ಪಾಠ ಶುರುಮಾಡಿದ್ದು ಆರು ವರ್ಷಗಳ ಹಿಂದೆ, ಕೆಲಸದಿಂದ ನಿವೃತ್ತರಾದ ಮೇಲೆ. ಪಾಠಕ್ಕೆಂದು ಆರಿಸಿಕೊಂಡ ಕೋಣೆ ಗಿರಣಿಯ ಗೋಡೆಗೆ ಒರಗಿಕೊಂಡದ್ದು. ಶಾಲೆ ಬಿಟ್ಟ ಮಕ್ಕಳು ಬರುವುದೂ ಸಂಜೆ ಐದಕ್ಕೇ.

ನೋಡಲು ಇದು ಸರಳ ಕಥೆ: ಒಬ್ಬರು ಸದ್ದು ಮಾಡುತ್ತಾರೆ, ಇನ್ನೊಬ್ಬರು ಅನುಭವಿಸುತ್ತಾರೆ. ರಾಗಿ ಬೀಸಿಸಿಕೊಳ್ಳುವವರು ಕೊಡುವ ದರದಲ್ಲಿ ವಿದ್ಯುತ್ತಿನ ಬೆಲೆ ಇದೆ, ಬಾಡಿಗೆ ಇದೆ, ಕೂಲಿ ಇದೆ. ಟೀಚರ್ ಕಳೆದುಕೊಂಡ ಶಿಷ್ಯರ ಲೆಕ್ಕ ಇಲ್ಲ. ಹೀಗೆ ಬೆಲೆಯ ಹೊರಗೆ ಉಳಿದು ಮೂರನೆಯವರ ತಲೆಗೆ ಬೀಳುವ ಹೊರೆಗೆ ನಮ್ಮ ಪಠ್ಯಗಳಲ್ಲಿ ಬಾಹ್ಯ ಪರಿಣಾಮ ಎಂದು ಹೆಸರು. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲೇ ಇದಕ್ಕೊಂದು ದಾರಿ ತೋರಿಸಿದ್ದರು: ಹಾನಿ ಎಷ್ಟೋ ಅಷ್ಟು ತೆರಿಗೆಯನ್ನು ಹಾನಿ ಮಾಡಿದವರ ಮೇಲೆ ಹಾಕಿ.

ಇನ್ನೊಬ್ಬ ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1960ರ ತಮ್ಮ ಲೇಖನದಲ್ಲಿ ಕೆದಕಿದ್ದು "ಹಾನಿ ಮಾಡಿದವರು" ಎಂಬ ಮಾತನ್ನೇ. ಗಿರಣಿ ಓಡಿದರೆ ಪಾಠಕ್ಕೆ ಪೆಟ್ಟು, ಪಾಠಕ್ಕಾಗಿ ಗಿರಣಿ ನಿಲ್ಲಿಸಿದರೆ ಗಿರಣಿಗೆ ಪೆಟ್ಟು. ಒಂದೇ ಗೋಡೆಯನ್ನು ಒಂದೇ ಹೊತ್ತಿನಲ್ಲಿ ಇಬ್ಬರು ಎರಡು ಬೇರೆ ಕೆಲಸಕ್ಕೆ ಬಳಸಲು ಹೊರಟಿದ್ದಾರೆ, ಜಗಳ ಹುಟ್ಟುವುದು ಅಲ್ಲಿಂದ. ಟೀಚರ್‌ಗೆ ಈ ಮಾತು ಹೇಳಿದ ದಿನ ಅವರು ಕಾಫಿಯನ್ನೂ ಕೊಡದೆ ನನ್ನನ್ನು ಕಳಿಸಿದರು.

ಲಂಡನ್ನಿನ ಒರಳುಕಲ್ಲು

ಕೋಸ್ ತಮ್ಮ ಲೇಖನದಲ್ಲಿ ಬಳಸಿದ ಒಂದು ಹಳೆಯ ಮೊಕದ್ದಮೆ ನಮ್ಮ ಅಡ್ಡರಸ್ತೆಯದೇ ಎನ್ನುವಷ್ಟು ಹೋಲುತ್ತದೆ. ಲಂಡನ್ನಿನ ವಿಗ್ಮೋರ್ ಬೀದಿಯಲ್ಲಿ ಬ್ರಿಜ್‌ಮನ್ ಎಂಬ ಮಿಠಾಯಿಗಾರ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಅಡುಗೆಮನೆಯಲ್ಲಿ ದೊಡ್ಡ ಒರಳುಗಳಲ್ಲಿ ಕುಟ್ಟುತ್ತಿದ್ದ. ಹಿಂಬದಿಯ ಮನೆಗೆ ಸ್ಟರ್ಜಸ್ ಎಂಬ ವೈದ್ಯ ಬಂದ. 1873ರಲ್ಲಿ ತನ್ನ ತೋಟದ ಕೊನೆಯಲ್ಲಿ, ಸರಿಯಾಗಿ ಆ ಅಡುಗೆಮನೆಯ ಗೋಡೆಗೆ ತಾಗಿಸಿ, ರೋಗಿಗಳನ್ನು ನೋಡುವ ಕೋಣೆ ಕಟ್ಟಿಸಿದ. ಎದೆಗೆ ಕೊಳವೆ ಇಟ್ಟು ಕೇಳಲು ಹೋದರೆ ಒರಳಿನ ಸದ್ದು. ವೈದ್ಯ ನ್ಯಾಯಾಲಯಕ್ಕೆ ಹೋದ.

ಇಷ್ಟು ವರ್ಷ ಯಾರೂ ಆಕ್ಷೇಪಿಸಿಲ್ಲ, ಹಾಗಾಗಿ ಸದ್ದು ಮಾಡುವುದು ತನ್ನ ಹಕ್ಕಾಗಿಬಿಟ್ಟಿದೆ ಎಂದು ಮಿಠಾಯಿಗಾರ ವಾದಿಸಿದ. 1879ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಕೋಣೆಯೇ ಇಲ್ಲದ ಕಾಲದಲ್ಲಿ ಆಕ್ಷೇಪಿಸುವಂತಹ ತೊಂದರೆಯೇ ಇರಲಿಲ್ಲ, ಆದ್ದರಿಂದ ಆ ವರ್ಷಗಳು ಎಣಿಕೆಗೆ ಬರುವುದಿಲ್ಲ ಎಂದಿತು. ಗೆದ್ದವನು ವೈದ್ಯ.

ಒರಳು ನಿಂತಿತು, ಕಥೆ ಮುಗಿಯಿತು ಎಂದು ಓದುಗರು ಅಂದುಕೊಳ್ಳುವ ಜಾಗದಲ್ಲಿ ಕೋಸ್ ತಮ್ಮ ಪ್ರಶ್ನೆ ಎತ್ತುತ್ತಾರೆ. ತೀರ್ಪು ಬಂದ ಮರುದಿನ ಮಿಠಾಯಿಗಾರ ವೈದ್ಯನ ಬಾಗಿಲಿಗೆ ಹೋಗಿ, "ಇಷ್ಟು ಕೊಡುತ್ತೇನೆ, ಕುಟ್ಟಲು ಬಿಡಿ" ಎನ್ನಬಹುದಲ್ಲ? ಒರಳಿನಿಂದ ಅವನಿಗೆ ಬರುವ ಲಾಭ ವೈದ್ಯನಿಗೆ ಆಗುವ ನಷ್ಟಕ್ಕಿಂತ ದೊಡ್ಡದಾದರೆ ಇಬ್ಬರಿಗೂ ಒಪ್ಪಿಗೆಯಾಗುವ ಮೊತ್ತವೊಂದು ಸಿಕ್ಕೇ ಸಿಗುತ್ತದೆ. ತೀರ್ಪು ಉಲ್ಟಾ ಬಂದಿದ್ದರೆ ಬಾಗಿಲು ತಟ್ಟುವ ಸರದಿ ವೈದ್ಯನದು. ಹಕ್ಕು ಯಾರದೆಂದು ಖಚಿತವಾಗಿದ್ದು ಮಾತುಕತೆಗೆ ಖರ್ಚು ತಗಲದಿದ್ದರೆ, ಕೊನೆಗೆ ಒರಳು ಓಡುತ್ತದೆಯೋ ಇಲ್ಲವೋ ಎಂಬುದು ಎರಡು ಮೊತ್ತಗಳ ಮೇಲೆ ನಿಲ್ಲುತ್ತದೆ. ಹಣ ಯಾರಿಂದ ಯಾರಿಗೆ ಹೋಗುತ್ತದೆ ಎಂಬುದನ್ನು ಮಾತ್ರ ತೀರ್ಪು ಹೇಳುತ್ತದೆ. ಇದಕ್ಕೆ "ಕೋಸ್ ಪ್ರಮೇಯ" ಎಂದು ಹೆಸರಿಟ್ಟವರು ಕೋಸ್ ಅಲ್ಲ, ಅವರ ಷಿಕಾಗೋ ಸಹೋದ್ಯೋಗಿ ಜಾರ್ಜ್ ಸ್ಟಿಗ್ಲರ್. ಕೋಸ್‌ಗಾದರೋ ಖರ್ಚಿಲ್ಲದ ಮಾತುಕತೆಯ ಲೋಕ ಒಂದು ಕಲ್ಪನೆಯಾಗಿತ್ತು. ಖರ್ಚಿರುವ ಲೋಕದಲ್ಲಿ ಏನಾಗುತ್ತದೆ ಎಂದು ನೋಡುವುದಕ್ಕೆ ಅದೊಂದು ಮೆಟ್ಟಿಲು. ಪಠ್ಯಪುಸ್ತಕಗಳು ಮೆಟ್ಟಿಲನ್ನೇ ಮನೆ ಎಂದು ಕಲಿಸಿದವು. ನಾನೂ ಹಾಗೆಯೇ ಕಲಿಸಿದೆ.

ಮೊತ್ತಗಳು

ಒಂದು ಭಾನುವಾರ ಗಿರಣಿ ಯಜಮಾನರ ಲೆಕ್ಕದ ಪುಸ್ತಕ ನೋಡಿದೆ, ಇನ್ನೊಂದು ದಿನ ಟೀಚರ್ ಅವರದು. ಒಬ್ಬರಿಗೆ ಗೊತ್ತಾಗಿದ್ದನ್ನು ಇನ್ನೊಬ್ಬರಿಗೆ ಹೇಳಬಾರದೆಂದು ಇಬ್ಬರೂ ಮಾತು ತೆಗೆದುಕೊಂಡಿದ್ದರು.

ಸಂಜೆ ಗಿರಣಿ ಮುಚ್ಚಿದರೆ ಯಜಮಾನರಿಗೆ ಖರ್ಚೆಲ್ಲ ಕಳೆದು ತಿಂಗಳಿಗೆ 14,000 ರೂಪಾಯಿ ನಷ್ಟ. ಟೀಚರ್ ಬಳಿ ಒಂಬತ್ತು ಮಕ್ಕಳು ಪಾಠ ಬಿಟ್ಟಿದ್ದರು, ತಲಾ 1,000 ರೂಪಾಯಿ. ಜೊತೆಗೆ ಭಾನುವಾರದ ಗೋಷ್ಠಿ ಪಾಠಕ್ಕೆ ಬೇರೆಡೆ ಕೋಣೆ ಹಿಡಿದದ್ದಕ್ಕೆ 2,000. ಒಟ್ಟು 11,000. ಪಾಠವನ್ನು ಪೂರ್ತಿ ಬೇರೆ ಕಡೆಗೆ ಸಾಗಿಸಿದರೆ 16,000 ಆಗುತ್ತಿತ್ತು, ಹಾಗಾಗಿ ಅವರು ಕದಲಿರಲಿಲ್ಲ.

ಈ ಎರಡೇ ಮೊತ್ತ ಇದ್ದಿದ್ದರೆ ಲೆಕ್ಕ ಮುಗಿದುಹೋಗುತ್ತಿತ್ತು: 14,000 ದೊಡ್ಡದು, ಗಿರಣಿ ಓಡಲಿ, ಟೀಚರ್ ಸಹಿಸಿಕೊಳ್ಳಲಿ ಅಥವಾ ಪರಿಹಾರ ಪಡೆಯಲಿ. ತರಗತಿಯ ಉದಾಹರಣೆಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ನಿಜವಾದ ಜಗಳದಲ್ಲಿ ಮೂರನೆಯ ದಾರಿ ಎಲ್ಲೋ ಇರುತ್ತದೆ, ಅದನ್ನು ಹುಡುಕಬೇಕು.

ನಮಗೆ ಅದನ್ನು ಹುಡುಕಿಕೊಟ್ಟವನು ಗಿರಣಿ ಯಂತ್ರಗಳ ರಿಪೇರಿ ಮಾಡುವವನು. ಗೋಡೆಯ ಮೇಲೆ ಅಂಗೈ ಇಟ್ಟು ನೋಡಿದ. ಸುತ್ತಿಗೆಯ ಯಂತ್ರವನ್ನು ನೇರವಾಗಿ ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ್ದರು, ನಡುವಿನ ಗೋಡೆಯಿಂದ ಒಂದು ಅಡಿ ದೂರದಲ್ಲಿ. ನಡುಕ ನೆಲಕ್ಕೆ ಇಳಿದು ಗೋಡೆಗೆ ಏರುತ್ತಿತ್ತು. ವೀಣೆಯ ಕೊಡ ತಂತಿಯ ನಡುಕವನ್ನು ಹಿಗ್ಗಿಸಿ ಹೊರಬಿಡುವ ಹಾಗೆ ಆ ಗೋಡೆ ಯಂತ್ರದ ನಡುಕವನ್ನು ಕೋಣೆಗೆ ಬಿಡುತ್ತಿತ್ತು. ಕಿಟಕಿ ಮುಚ್ಚಿದರೂ ಲೋಟದ ನೀರು ನಿಲ್ಲದಿದ್ದುದಕ್ಕೆ ಕಾರಣ ಅದು. ಯಂತ್ರವನ್ನು ಎದುರು ಗೋಡೆಯ ಕಡೆಗೆ ಸರಿಸಿ, ನೆಲ ಅಗೆದು ಪ್ರತ್ಯೇಕ ಕಾಂಕ್ರೀಟ್ ಪೀಠ ಹಾಕಿ, ಅದರ ಮೇಲೆ ದಪ್ಪ ರಬ್ಬರ್ ಕೂರಿಸಿ ಯಂತ್ರ ಇಡಬೇಕು; ಖಾರದ ದೂಳಿಗೆ ಬಟ್ಟೆ ಚೀಲದ ಶೋಧಕ ಹಾಕಬೇಕು; ನಡುವಿನ ಗೋಡೆಗೆ ಇನ್ನೊಂದು ಇಟ್ಟಿಗೆ ಗೋಡೆಯನ್ನು ಸಂದು ಬಿಟ್ಟು ಕಟ್ಟಬೇಕು ಎಂದ. ಒಟ್ಟು 2,50,000 ರೂಪಾಯಿ.

ಅದರಲ್ಲಿ ಇಟ್ಟಿಗೆ ಗೋಡೆಯದೇ 70,000. ಅದು ಬೇಕಾಗಲೇ ಇಲ್ಲ. ಟೀಚರ್ ಪಾಠದ ಕೋಣೆಯನ್ನು ಮಲಗುವ ಕೋಣೆಯೊಂದಿಗೆ ಅದಲುಬದಲು ಮಾಡಿಕೊಂಡರೆ ಸಾಕಿತ್ತು. ಸಂಜೆ ಐದರಿಂದ ಎಂಟೂವರೆಯ ತನಕ ಆ ಮನೆಯಲ್ಲಿ ಯಾರೂ ಮಲಗುವುದಿಲ್ಲ. ಈ ಸಂಗತಿ ರಿಪೇರಿಯವನಿಗೆ ಗೊತ್ತಿಲ್ಲ, ಯಜಮಾನರಿಗೆ ಗೊತ್ತಿಲ್ಲ, ಯಾವ ಅಧಿಕಾರಿಗೂ ಗೊತ್ತಾಗುವುದಿಲ್ಲ. ಪಿಗೂ ತೆರಿಗೆ ಹಾಕಿದ್ದರೆ ಯಜಮಾನರು 2,50,000 ಖರ್ಚು ಮಾಡುತ್ತಿದ್ದರು; ಟೀಚರ್‌ಗೆ ಒಂದು ಮಂಚ ಸರಿಸುವ ಕಾರಣವೂ ಇರುತ್ತಿರಲಿಲ್ಲ. ಹಾನಿಯನ್ನು ಅಗ್ಗವಾಗಿ ತಪ್ಪಿಸುವ ಉಪಾಯದ ಒಂದು ತುಂಡು ಇವರ ಕೈಯಲ್ಲಿ, ಇನ್ನೊಂದು ಅವರ ಕೈಯಲ್ಲಿ ಇತ್ತು.

ಉಳಿದ 1,80,000 ರೂಪಾಯಿಯನ್ನು ಶೇ. 12ರ ಬಡ್ಡಿಗೆ ಸಾಲ ತೆಗೆದು 5 ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 4,000. ಇದಲ್ಲದೆ ಮೆಣಸಿನಕಾಯಿಯನ್ನು ಬೆಳಗ್ಗೆ ಹತ್ತರಿಂದ ಒಂದರ ತನಕ ಮಾತ್ರ ಪುಡಿಮಾಡಿ, ಸಂಜೆ ರಾಗಿ, ಗೋಧಿ ಮಾತ್ರ ಬೀಸಿದರೆ ಕೆಲವು ಗಿರಾಕಿಗಳು ತಪ್ಪಿ ತಿಂಗಳಿಗೆ 1,500 ನಷ್ಟ. ಒಟ್ಟು 5,500. ಒಂದು ಕಡೆ 14,000, ಇನ್ನೊಂದು ಕಡೆ 11,000, ನಡುವೆ 5,500ರ ದಾರಿ.

ಹಕ್ಕು ಟೀಚರ್ ಅವರದೆಂದು ಇಟ್ಟುಕೊಳ್ಳಿ. ಸಂಜೆ ಮುಚ್ಚಿ 14,000 ಕಳೆದುಕೊಳ್ಳುವ ಬದಲು ಯಜಮಾನರು 5,500 ಖರ್ಚು ಮಾಡುತ್ತಾರೆ. ಹಕ್ಕು ಗಿರಣಿಯದೆಂದು ಇಟ್ಟುಕೊಳ್ಳಿ. 11,000 ಕಳೆದುಕೊಳ್ಳುವ ಬದಲು ಟೀಚರ್ 5,500 ಕೊಟ್ಟು ಅದೇ ಕೆಲಸ ಮಾಡಿಸುತ್ತಾರೆ. ಎರಡೂ ಸಲ ರಬ್ಬರ್ ಅದೇ, ಪೀಠ ಅದೇ, ಮೆಣಸಿನಕಾಯಿಯ ಹೊತ್ತೂ ಅದೇ. ಹಾಗಿದ್ದರೆ ಈ ಜಗಳ ಹದಿನಾಲ್ಕು ತಿಂಗಳು ಯಾಕೆ ಎಳೆಯಿತು?

ಹದಿನಾಲ್ಕು ತಿಂಗಳು

ಹಕ್ಕು ಯಾರದು ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ, ತೊಂದರೆ ಅಲ್ಲಿತ್ತು. ಇಬ್ಬರೂ ತಮ್ಮದೇ ಎಂದು ನಂಬಿದ್ದರು.

"ಇಪ್ಪತ್ತೆರಡು ವರ್ಷದಿಂದ ಇದ್ದೇನೆ ಸಾರ್. ಪಾಲಿಕೆಯ ಪರವಾನಗಿ ಇದೆ, ವಿದ್ಯುತ್ ಮಂಜೂರಾತಿ ಇದೆ. ಅವರು ಪಾಠ ಶುರುಮಾಡಿದ್ದು ಮೊನ್ನೆ ಮೊನ್ನೆ" ಎನ್ನುತ್ತಿದ್ದರು ಯಜಮಾನರು. "ಇದು ವಾಸದ ಬೀದಿ. ಇಲ್ಲಿ ಯಂತ್ರ ಓಡಿಸುವುದೇ ತಪ್ಪು" ಎನ್ನುತ್ತಿದ್ದರು ಟೀಚರ್. ದೂರು ಹಿಡಿದು ಹೋದ ಕಡೆಯಲ್ಲಿ ಒಂದು ಕಚೇರಿಯವರು ಇನ್ನೊಂದು ಕಚೇರಿಯನ್ನು ತೋರಿಸಿದರು.

ಈ ಮಬ್ಬು ಚೌಕಾಸಿಯನ್ನು ಹೇಗೆ ಕೊಲ್ಲುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಪ್ರಶ್ನೆ ಇಷ್ಟೇ: 1,80,000 ಯಾರು ಹೊರಬೇಕು? ಮೊಕದ್ದಮೆ ಹೂಡಿದರೆ ತಾವು ಗೆಲ್ಲುವ ಸಾಧ್ಯತೆ ನೂರಕ್ಕೆ ಎಂಬತ್ತು ಎಂದು ಇಬ್ಬರೂ ನಂಬಿದ್ದರು. ಅಂದರೆ ತಮ್ಮ ತಲೆಗೆ ಬೀಳುವುದು ಆ ಮೊತ್ತದ ಐದನೆಯ ಒಂದು ಭಾಗ, 36,000 ಎಂದು ಇಬ್ಬರ ಮನಸ್ಸಿನ ಎಣಿಕೆ. ವಕೀಲರ ಖರ್ಚು, ಓಡಾಟ ಎಂದು ತಲಾ 25,000 ಉಳಿಯುತ್ತದೆ ಎಂದರೆ ರಾಜಿಗೆ ಒಬ್ಬೊಬ್ಬರು ಕೊಡಲು ತಯಾರಿರುವುದು ಹೆಚ್ಚೆಂದರೆ 61,000. ಇಬ್ಬರದೂ ಕೂಡಿಸಿದರೆ 1,22,000. ಬೇಕಾದದ್ದು 1,80,000. ಇಬ್ಬರೂ ಒಳ್ಳೆಯವರೇ, ಇಬ್ಬರಿಗೂ ರಾಜಿ ಬೇಕು. ಆದರೂ 58,000 ರೂಪಾಯಿಯ ಹಳ್ಳ ನಡುವೆ ಉಳಿಯುತ್ತದೆ. ಎಷ್ಟು ಸಲ ಕಾಫಿ ಕುಡಿದು ಮಾತಾಡಿದರೂ ಆ ಹಳ್ಳ ತುಂಬುವುದಿಲ್ಲ. ನಾನು ಮೂರು ತಿಂಗಳು ಕುಡಿದು ನೋಡಿದ್ದೇನೆ.

ಗೋಡೆಯ ಎರಡೂ ಬದಿಯ ಹಟವನ್ನು ನಾನು ಸ್ವಭಾವದ ದೋಷ ಎಂದುಕೊಂಡಿದ್ದೆ. ಕಾಗದದ ಮೇಲೆ ಈ ಲೆಕ್ಕ ಬರೆದ ಮೇಲೆ ಅಭಿಪ್ರಾಯ ಬದಲಾಯಿತು. ಇಬ್ಬರೂ ತಮಗೆ ತಿಳಿದ ಮಟ್ಟಿಗೆ ಸರಿಯಾಗಿಯೇ ನಡೆದುಕೊಳ್ಳುತ್ತಿದ್ದರು. ಕೆಟ್ಟದ್ದು ಅವರ ನಿರೀಕ್ಷೆಗಳ ಮೊತ್ತ: ನೂರರ ಒಂದೇ ರೊಟ್ಟಿಯಲ್ಲಿ ಇಬ್ಬರಿಗೂ ಎಂಬತ್ತು.

ಇಂತಹ ಸ್ಥಿತಿಯನ್ನು ಗುರುತಿಸಲು ಒಂದು ಉಪಾಯ ಇದೆ. ಇಬ್ಬರನ್ನೂ ಬೇರೆ ಬೇರೆ ಕೂರಿಸಿ, "ಇದು ನ್ಯಾಯಾಲಯಕ್ಕೆ ಹೋದರೆ ಏನಾಗುತ್ತದೆ?" ಎಂದು ಕೇಳಿ. ಉತ್ತರಗಳು ಒಂದೇ ದಿಕ್ಕಿಗಿದ್ದರೆ ಮಧ್ಯಸ್ಥಿಕೆ ನಡೆಯುತ್ತದೆ. ಎದುರುಬದುರಾಗಿದ್ದರೆ ಮೊದಲು ಹಕ್ಕನ್ನು ತಿಳಿಯಾಗಿಸಬೇಕು, ರಾಜಿಯ ಮಾತು ಆಮೇಲೆ.

ಹಳದಿ ಬಣ್ಣ

ತಿಳಿಯಾಗಿಸಿದವರು ನಮ್ಮ ರಸ್ತೆಯವರೇ ಆದ ಒಬ್ಬ ವಕೀಲರು. ಇಬ್ಬರ ಪರವಾಗಿಯೂ ಅಲ್ಲದೆ, ಕೇಳಿದ ಪ್ರಶ್ನೆಗೆ ಉತ್ತರ ಹೇಳಿದರು. ಮೊದಲನೆಯದು, ಮೊದಲು ಬಂದವರು ಯಾರು ಎಂಬ ಮಾತು. ಅದಕ್ಕೆ ಅವರು ಲಂಡನ್ನಿನ ಒರಳಿನ ಕಥೆಯನ್ನೇ ಹೇಳಿದರು. ಪಾಠದ ಕೋಣೆಗೆ ಆರು ವರ್ಷ. ಅದಕ್ಕೆ ಮೊದಲಿನ ಹದಿನಾರು ವರ್ಷವನ್ನು ಹಕ್ಕಿಗೆ ಆಧಾರ ಮಾಡಿಕೊಳ್ಳುವುದು ಕಷ್ಟ. ಪರವಾನಗಿ ಇದ್ದರೆ ವ್ಯಾಪಾರ ಮಾಡಬಹುದು. ಪಕ್ಕದವರಿಗೆ ಎಷ್ಟಾದರೂ ಸದ್ದು ಮಾಡಬಹುದು ಎಂದು ಅದರಲ್ಲಿ ಬರೆದಿರುವುದಿಲ್ಲ. ಯಜಮಾನರ ಮುಖ ಅಲ್ಲೇ ಸ್ವಲ್ಪ ಇಳಿಯಿತು.

ಎರಡನೆಯದು ಸದ್ದಿನ ಮಟ್ಟ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಹಗಲಿನಲ್ಲಿ, ಅಂದರೆ ಬೆಳಗ್ಗೆ ಆರರಿಂದ ರಾತ್ರಿ ಹತ್ತರ ತನಕ, ವಾಸದ ಪ್ರದೇಶಕ್ಕೆ 55 ಡೆಸಿಬಲ್, ವಾಣಿಜ್ಯ ಪ್ರದೇಶಕ್ಕೆ 65 ಡೆಸಿಬಲ್ ಮಿತಿ. ಆ ಮಿತಿಯನ್ನು 10 ಡೆಸಿಬಲ್ ಅಥವಾ ಅದಕ್ಕಿಂತ ಹೆಚ್ಚು ಮೀರಿದರೆ ದೂರು ಕೊಡಬಹುದು. ಹತ್ತು ಎಂಬುದು ಕೇಳಲು ಸಣ್ಣದು, ಆದರೆ ಡೆಸಿಬಲ್ ಅಳತೆಯಲ್ಲಿ ಹತ್ತು ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ, ಕಿವಿಗೆ ಸುಮಾರು ಎರಡರಷ್ಟು ಜೋರಾಗಿ ಕೇಳಿಸುತ್ತದೆ.

ಆ ತನಕ ಸದ್ದನ್ನು ಅಳೆದದ್ದು ಮೊಬೈಲ್‌ನಲ್ಲಿ. ಟೀಚರ್ ಅವರ ಫೋನ್ 76 ತೋರಿಸುತ್ತಿತ್ತು, ಯಜಮಾನರ ಮಗನ ಫೋನ್ 62. ಪ್ರತಿಯೊಬ್ಬರಿಗೂ ತಮ್ಮ ಫೋನ್ ಮೇಲೆಯೇ ನಂಬಿಕೆ. ಕೊನೆಗೆ ಪರೀಕ್ಷೆಗೆ ಒಳಪಟ್ಟ ಶಬ್ದಮಾಪಕವನ್ನು ಬಾಡಿಗೆಗೆ ತರಿಸಿ, ಮನೆಯ ಕಿಟಕಿಯ ಹೊರಗೆ, ಇಬ್ಬರ ಎದುರಿಗೂ ಅಳೆಸಿದೆವು. ಯಂತ್ರ ಓಡುವಾಗ 70. ನಿಂತಾಗ ಬರೀ ಸ್ಕೂಟರ್, ಆಟೋಗಳ ಸದ್ದಿಗೇ 58.

70 ಎಂಬ ಈ ಒಂದು ಅಂಕಿಗೆ ಎರಡು ಅರ್ಥ. ರಸ್ತೆ ವಾಣಿಜ್ಯ ಪ್ರದೇಶವಾದರೆ ಮಿತಿಯ ಮೇಲೆ 5, ದೂರು ನಿಲ್ಲುವುದಿಲ್ಲ. ವಾಸದ ಪ್ರದೇಶವಾದರೆ ಮಿತಿಯ ಮೇಲೆ 15, ನಿಲ್ಲುತ್ತದೆ. ನಮ್ಮ ರಸ್ತೆಯಲ್ಲಿ ಗಿರಣಿ, ದರ್ಜಿ ಅಂಗಡಿ, ಮೆಡಿಕಲ್, ಎರಡು ದರ್ಶಿನಿ ಇವೆ; ನೋಡಿದವರೆಲ್ಲ ವಾಣಿಜ್ಯ ಎನ್ನುತ್ತಾರೆ. ವಕೀಲರು ನಗರ ಯೋಜನೆಯ ನಕ್ಷೆ ತರಿಸಿದರು. ನಮ್ಮ ಅಡ್ಡರಸ್ತೆ ಪೂರ್ತಿ ಹಳದಿ, ವಾಸದ ಬಣ್ಣ. ಮೂಲೆಯಾಚೆಯ ಮುಖ್ಯರಸ್ತೆ ಬೇರೆ ಬಣ್ಣ. ಹದಿನಾಲ್ಕು ತಿಂಗಳಲ್ಲಿ ಯಾರೂ ಆ ನಕ್ಷೆ ಬಿಡಿಸಿ ನೋಡಿರಲಿಲ್ಲ, ನಾನೂ ಸೇರಿ.

ಹಾಗೆಂದು ಟೀಚರ್ ಗೆದ್ದರು ಎಂದಾಗಲಿಲ್ಲ. ರಸ್ತೆ ಹೇಗೂ ಸದ್ದಿನದೇ, ಇಷ್ಟು ವರ್ಷ ಸುಮ್ಮನಿದ್ದರು ಎಂಬ ವಾದಕ್ಕೂ ಸ್ವಲ್ಪ ತೂಕ ಇರುತ್ತದೆ ಎಂದರು ವಕೀಲರು. ನೂರಕ್ಕೆ ಎಪ್ಪತ್ತೈದು ಟೀಚರ್ ಕಡೆ ಎಂಬುದು ಅವರ ಅಂದಾಜು. ಆ ದಿನದಿಂದ ಇಬ್ಬರೂ ಅದೇ ಅಂಕಿ ಇಟ್ಟುಕೊಂಡು ಯೋಚಿಸತೊಡಗಿದರು. ಈಗ ಯಜಮಾನರ ಎಣಿಕೆ 1,35,000, ಮೊಕದ್ದಮೆ ತಪ್ಪಿದ 25,000 ಸೇರಿಸಿ 1,60,000 ತನಕ ಹೋಗಬಲ್ಲರು. ಟೀಚರ್ ಎಣಿಕೆ 45,000, ಅದಕ್ಕೆ 25,000 ಸೇರಿ 70,000. ಒಟ್ಟು 2,30,000. ಹಳ್ಳ ಇದ್ದ ಕಡೆ ಈಗ 50,000ದ ದಿಬ್ಬ. ಹಕ್ಕು ಪೂರ್ತಿ ಒಬ್ಬರಿಗೆ ಹೋಗಬೇಕಾಗಿರಲಿಲ್ಲ. ಹಕ್ಕಿನ ಬಗ್ಗೆ ಇಬ್ಬರ ಅಂದಾಜು ಒಂದೇ ಆದದ್ದು ಸಾಕಾಯಿತು.

ಚೌಕಾಸಿ ಮತ್ತು ಅದರ ಖರ್ಚು

ದಿಬ್ಬ ಹಂಚಿಕೊಳ್ಳುವುದೂ ಸುಲಭವಿರಲಿಲ್ಲ. ಊರಿನಿಂದ ಬಂದಿದ್ದ ಟೀಚರ್ ಅವರ ತಮ್ಮ, "ಅಕ್ಕ, ತಿಂಗಳಿಗೆ ಎಂಟು ಸಾವಿರ ಕೇಳು. ಅವರಿಗೆ ಸಂಜೆ ಒಳ್ಳೆಯ ವ್ಯಾಪಾರ ಇದೆ, ಕೊಟ್ಟೇ ಕೊಡುತ್ತಾರೆ" ಎಂದು ಕಿವಿ ಊದಿದರು. ತರಗತಿಯ ಲೆಕ್ಕದಲ್ಲಿ ಇದು ಸರಿಯಾದ ಸಲಹೆಯೇ, ಹಣ ಕೈ ಬದಲಿಸಿದರೂ ಅಗ್ಗದ ದಾರಿ ಇದರಿಂದ ಕೆಡುವುದಿಲ್ಲ. ರಸ್ತೆಯಲ್ಲಿ ಕೆಡುತ್ತದೆ. ಆ ಮಾತು ಗಿರಣಿಗೆ ತಲುಪಿದ ದಿನ ಯಜಮಾನರು ಮೆಣಸಿನಕಾಯಿ ಯಂತ್ರವನ್ನು ರಾತ್ರಿ ಒಂಬತ್ತೂವರೆಯ ತನಕ ಓಡಿಸಿದರು.

ಹಣದ ಮಾತೇ ಅವಮಾನವಾಗಿ ಕೇಳಿಸುತ್ತದೆ ಎಂಬುದು ಇನ್ನೊಂದು. "ನನ್ನ ಮನೆಯಲ್ಲಿ ನೆಮ್ಮದಿಯಾಗಿ ಕೂರುವುದಕ್ಕೆ ನಾನು ಐವತ್ತು ಸಾವಿರ ಕೊಡಬೇಕೇ?" ಎಂದು ಟೀಚರ್ ಕೇಳಿದಾಗ ನನ್ನ ಬಳಿ ಒಳ್ಳೆಯ ಉತ್ತರ ಇರಲಿಲ್ಲ. ಕೊನೆಗೆ ನಾವು ಆ ಹಣವನ್ನು ದೂಳಿನ ಚೀಲದ ಖರ್ಚು ಎಂದು ಕರೆದೆವು. ಸದ್ದಿಗೆ ಹಣ ಕೊಡಲು ಒಪ್ಪದವರು ಚೀಲಕ್ಕೆ ಕೊಟ್ಟರು. ಯಜಮಾನರು 1,30,000, ಟೀಚರ್ 50,000. ಮೆಣಸಿನಕಾಯಿಯ ಹೊತ್ತು ಬದಲಿಸಿದ ನಷ್ಟ ಯಜಮಾನರದೇ.

ಅಷ್ಟರಲ್ಲಿ ಇನ್ನೂ ಇಬ್ಬರು ಇದ್ದರು. ಒಬ್ಬರು ಕಟ್ಟಡದ ಮಾಲೀಕರು. ನೆಲ ಅಗೆಯಲು ಅವರ ಒಪ್ಪಿಗೆ ಬೇಕು. ಬಾಡಿಗೆದಾರ ತನ್ನ ಖರ್ಚಿನಲ್ಲಿ ಪೀಠ ಹಾಕಿಸಿಕೊಂಡರೆ ನಾಳೆ ಅಲ್ಲೇ ಬೇರು ಬಿಡುತ್ತಾನೆ ಎಂದು ಅವರಿಗೆ ಭಯ. ಬಿಟ್ಟುಹೋಗುವಾಗ ನೆಲವನ್ನು ಮೊದಲಿನಂತೆ ಮಾಡಿಕೊಡುತ್ತೇನೆ ಎಂದು ಬರೆದುಕೊಟ್ಟ ಮೇಲೆ, ಆರು ವಾರಗಳ ನಂತರ, ಸಹಿ ಹಾಕಿದರು. ಇನ್ನೊಬ್ಬರು ಹಿಂಬದಿ ಮನೆಯ ಸಂಸಾರ. ಖಾರದ ದೂಳಿಗೆ ಅವರೂ ಕೆಮ್ಮುತ್ತಿದ್ದರು. ಚೀಲಕ್ಕೆ ಹತ್ತು ಸಾವಿರ ಕೊಡಿ ಎಂದು ಕೇಳಿದರೆ, "ನಮಗೇನೂ ಅಷ್ಟು ತೊಂದರೆ ಇಲ್ಲ ಸಾರ್" ಎಂದರು. ಚೀಲ ಹೇಗೂ ಬರುತ್ತದೆ ಎಂದು ಅವರಿಗೆ ಗೊತ್ತಿತ್ತು. ಬಂತು ಕೂಡ, ಪುಕ್ಕಟೆಯಾಗಿ.

ಹಿಂಬದಿ ಮನೆಯವರ ಈ ಜಾಣತನ ನಮ್ಮ ಪ್ರಕರಣದಲ್ಲಿ ಒಂದು ನಗುವಿಗೆ ಮುಗಿಯಿತು. ಅದೇ ಜಾಣತನ ಲಕ್ಷ ಮನೆಗಳಿಗೆ ಹಬ್ಬಿದರೆ ಬೆಳ್ಳಂದೂರು ಕೆರೆಯಾಗುತ್ತದೆ. ಅಲ್ಲಿ ನೊರೆ ಎದ್ದು ರಸ್ತೆಗೆ ಹಾರಿದ್ದನ್ನೂ ಕೆರೆಯಲ್ಲೇ ಬೆಂಕಿ ಕಾಣಿಸಿಕೊಂಡದ್ದನ್ನೂ ಈ ಊರು ನೋಡಿದೆ. ಕೊಳಚೆ ಬಿಡುವ ಮನೆ, ಅಪಾರ್ಟ್‌ಮೆಂಟ್, ಕಾರ್ಖಾನೆಗಳು ಎಷ್ಟೋ, ದುರ್ವಾಸನೆ ಕುಡಿಯುವವರು ಎಷ್ಟೋ. ಯಾರ ಬಾಗಿಲನ್ನು ಯಾರು ತಟ್ಟಬೇಕು? ಕೆರೆಯ ನೀರು ಶುದ್ಧವಾಗಿರಬೇಕೆಂಬ ಹಕ್ಕನ್ನು ಕಾಗದದ ಮೇಲೆ ಎಷ್ಟು ಸ್ಪಷ್ಟವಾಗಿ ಬರೆದರೂ ಅದನ್ನು ಚೌಕಾಸಿಯಿಂದ ಮಾರಿ ಕೊಳ್ಳಲಾಗುವುದಿಲ್ಲ. ಅಲ್ಲಿ ಬೇಕಾದದ್ದು ಶುದ್ಧೀಕರಣ ಘಟಕ, ದಂಡ, ನಿಯಮ. ಪಿಗೂ ಅವರ ಕಾಲದ ಔಷಧವೇ. ಕೋಸ್ ಹೆಸರು ಹೇಳಿಕೊಂಡು ಕೆರೆಗಳನ್ನು ಸಂತೆಯ ಕೈಗೆ ಬಿಡಿ ಎನ್ನುವವರು ಅವರ ಲೇಖನದ ಅರ್ಧ ಮಾತ್ರ ಓದಿದ್ದಾರೆ.

ನಮ್ಮ ಗೋಡೆಯಲ್ಲೂ ಪ್ರಮೇಯ ಕುಂಟಿದ ಒಂದು ಜಾಗ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ನಕ್ಷೆಯ ಬಣ್ಣ ಬೇರೆ ಆಗಿದ್ದು ಹಕ್ಕು ಗಿರಣಿಯದೆಂದಾಗಿದ್ದರೆ, ಕಾಗದದ ಲೆಕ್ಕದಂತೆ ಟೀಚರ್ ತಿಂಗಳಿಗೆ 5,500 ಕೊಟ್ಟು ಅದೇ ಕೆಲಸ ಮಾಡಿಸಬೇಕಿತ್ತು. ನಿವೃತ್ತಿ ವೇತನ ಮತ್ತು ಪಾಠದ ಹಣದಲ್ಲಿ ಬದುಕುವ ಅವರಿಗೆ 1,80,000 ಸಾಲ ಕೊಡುವವರು ಯಾರು? ಬಹುಶಃ ಅವರು ವೀಣೆಯನ್ನು ಗವಸಿನೊಳಗೆ ಇಟ್ಟುಬಿಡುತ್ತಿದ್ದರು. ಲೆಕ್ಕಕ್ಕೆ ಹಕ್ಕು ಎಲ್ಲಿದ್ದರೂ ಒಂದೇ. ಕೈಯಲ್ಲಿ ಹಣ ಇಲ್ಲದವರಿಗೆ ಹಾಗಲ್ಲ.

ಆಮೇಲೆ

ಕೆಲಸ ಹನ್ನೊಂದು ದಿನ ನಡೆಯಿತು. ಮುಗಿದ ಸಂಜೆ ಅದೇ ಶಬ್ದಮಾಪಕ ತರಿಸಿ ಅದೇ ಕಿಟಕಿಯ ಹೊರಗೆ ಇಟ್ಟೆವು: 61. ವಾಸದ ಮಿತಿಗಿಂತ ಇನ್ನೂ 6 ಹೆಚ್ಚು, ದೂರಿನ ಗೆರೆಗಿಂತ ಕೆಳಗೆ, ಆಟೋಗಳಿಗಿಂತ 3 ಮೇಲೆ. ಲೋಟದ ನೀರು ನಡುಗಲಿಲ್ಲ. ಬಿಟ್ಟುಹೋದ ಒಂಬತ್ತು ಮಕ್ಕಳಲ್ಲಿ ಐದು ಮಂದಿ ಮರಳಿ ಬಂದರು. ಉಳಿದ ನಾಲ್ವರು ಕೀಬೋರ್ಡ್ ಕಲಿಯುತ್ತಿದ್ದಾರಂತೆ; ಅದರ ನಷ್ಟವನ್ನು ಯಾವ ಪ್ರಮೇಯವೂ ತುಂಬಿಕೊಡುವುದಿಲ್ಲ.

ಮಾರ್ಚ್ ತಿಂಗಳ ಒಂದು ಸಂಜೆ ಆರಕ್ಕೆ ಮೆಣಸಿನಕಾಯಿ ಯಂತ್ರದ ಸದ್ದು ಕೇಳಿಸಿತು. ಬೆಳಗ್ಗೆ ವಿದ್ಯುತ್ ಇರಲಿಲ್ಲ, ಮದುವೆ ಮನೆಯವರ ಇಪ್ಪತ್ತು ಕೆ.ಜಿ. ಬಾಕಿ ಇತ್ತು. ಯಜಮಾನರು ಮೊದಲೇ ಫೋನ್ ಮಾಡಿ, "ಅಮ್ಮಾ, ಇವತ್ತೊಂದು ದಿನ" ಎಂದು ಕೇಳಿದ್ದರು. ಟೀಚರ್ ಪಾಠವನ್ನು ಏಳಕ್ಕೆ ಮುಂದೂಡಿದ್ದರು. ಇಬ್ಬರೂ ಒಪ್ಪಂದ ಬರೆದುಕೊಂಡ ಛಾಪಾ ಕಾಗದದಲ್ಲಿ ಇಂತಹ ದಿನಕ್ಕೆ ಟೀಚರ್‌ಗೆ 500 ರೂಪಾಯಿ ಎಂದು ಬರೆದಿತ್ತು. ಅವರು ತೆಗೆದುಕೊಳ್ಳಲಿಲ್ಲ, ಬದಲಿಗೆ ಅರ್ಧ ಕೆ.ಜಿ. ಹುಳಿಪುಡಿ ಬಂತು.

ಆ ಛಾಪಾ ಕಾಗದದಲ್ಲಿ ಒಂದು ಕೊರತೆ ಇದೆ, ವಕೀಲರು ಆಗಲೇ ಎಚ್ಚರಿಸಿದ್ದರು. ಅದು ಸಹಿ ಹಾಕಿದ ಇಬ್ಬರನ್ನು ಕಟ್ಟುತ್ತದೆ, ಕಟ್ಟಡವನ್ನು ಕಟ್ಟುವುದಿಲ್ಲ. ಗಿರಣಿಯ ಬಾಡಿಗೆ ಕರಾರು ಇನ್ನು ಎರಡು ವರ್ಷಕ್ಕೆ ಮುಗಿಯುತ್ತದೆ. ಕಳೆದ ವಾರ ಇಬ್ಬರು ಬಂದು ಆ ಕಟ್ಟಡದ ಅಳತೆ ತೆಗೆದುಕೊಂಡು ಹೋದರು. ಕೊಳ್ಳುವವರು ಅಲ್ಲಿ ಏನು ಮಾಡಲಿದ್ದಾರೆ ಎಂದು ವಿಚಾರಿಸಲು ಟೀಚರ್ ನನಗೆ ಹೇಳಿದ್ದಾರೆ. ಯಜಮಾನರೂ ಅದನ್ನೇ ಕೇಳಿದ್ದಾರೆ.